ಆ್ಯಪ್‌ನ ಲೆಕ್ಕದ ಬಗ್ಗೆ ಕಂಪನಿ ಜೊತೆ ಮಾತುಕತೆಗೆ ಕೂರುವುದು ಹೇಗೆ?

"ನನಗೆ ಮಾತ್ರ ಆರ್ಡರ್ ಯಾಕೆ ಕಮ್ಮಿ ಬರ್ತಿದೆ?" "ಗಾಡಿ ಓಡಿದ್ದು ಜಾಸ್ತಿ, ದುಡ್ಡು ಬಂದಿದ್ದು ಕಮ್ಮಿ, ಯಾಕೆ?" "ಐಡಿ ಬ್ಲಾಕ್ ಆಗಿದೆ, ಯಾರನ್ನ ಕೇಳೋದು?" ಡೆಲಿವರಿ ಮಾಡುವವರು, ಕ್ಯಾಬ್ ಮತ್ತು ಆಟೋ ಓಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಒಬ್ಬೊಬ್ಬರೇ ಟಿಕೆಟ್ ರೈಸ್ ಮಾಡಿದರೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು: "ಸಿಸ್ಟಮ್ ಪ್ರಕಾರ ಸರಿಯಾಗಿದೆ." ಆದ್ದರಿಂದ ಈ ಲೇಖನದಲ್ಲಿ ಒಂದೇ ಏರಿಯಾದ ಹತ್ತಿಪ್ಪತ್ತು ಜನ ಸೇರಿ ಆ ಸಿಸ್ಟಮ್‌ನ ಒಂದು ನಿಯಮವನ್ನು ಹಿಡಿದು ಮಾತುಕತೆಗೆ ತರುವುದು ಹೇಗೆ ಎಂದು ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಬೆಂಗಳೂರಿನವು, ಕಾನೂನು ಕರ್ನಾಟಕದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಅಲ್ಗಾರಿದಮ್ ಅಂದರೆ ಇಲ್ಲಿ ನಿಯಮಗಳ ಸರಮಾಲೆ, ಅಷ್ಟೇ. ಯಾವ ಆರ್ಡರ್ ಯಾರಿಗೆ, ಅದಕ್ಕೆ ಎಷ್ಟು ದುಡ್ಡು, ಯಾರ ಐಡಿ ನಿಲ್ಲಿಸಬೇಕು ಎಂಬುದನ್ನೆಲ್ಲ ಆ ನಿಯಮಗಳ ಪ್ರಕಾರ ಕಂಪ್ಯೂಟರ್ ತೀರ್ಮಾನಿಸುತ್ತದೆ. ಕೆಲವು ನಿಯಮಗಳನ್ನು ಕಂಪನಿಯವರು ನೇರವಾಗಿ ಬರೆದಿರುತ್ತಾರೆ. ಕೆಲವನ್ನು ಹಳೆಯ ಆರ್ಡರ್‌ಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿತಿರುತ್ತದೆ. ಆದರೆ ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತು ಮಾಡಿದವರು ಎರಡರಲ್ಲೂ ಮನುಷ್ಯರೇ. ಮನುಷ್ಯರು ಗೊತ್ತು ಮಾಡಿದ್ದನ್ನು ರೇಟ್ ಕಾರ್ಡ್ ಬಗ್ಗೆ ಮಾತಾಡಿದ ಹಾಗೆಯೇ ಮಾತಾಡಿ ಬದಲಿಸಬಹುದು. ಹಲವರು ಒಟ್ಟಾಗಿ ಹಾಗೆ ಮಾತಾಡುವುದಕ್ಕೆ ಸಾಮೂಹಿಕ ಚೌಕಾಸಿ ಎನ್ನುತ್ತಾರೆ.

ಏನೇನು ಬೇಕು?

ಒಂದೇ ಝೋನ್‌ನಲ್ಲಿ, ಒಂದೇ ಕಂಪನಿಗೆ ಓಡುವ 15ರಿಂದ 20 ಜನ. ನಾಲ್ಕು ವಾರ ಸಮಯ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್, ಎಕ್ಸೆಲ್ ಶೀಟ್ ತುಂಬಲು ಬರುವ ಒಬ್ಬರು. ಎಲ್ಲರೂ ರಾಜ್ಯದ ಗಿಗ್ ಕೆಲಸಗಾರರ ಮಂಡಳಿಯಲ್ಲಿ ನೋಂದಣಿ ಆಗಿದ್ದಾರೋ ನೋಡಿಕೊಳ್ಳಿ. ಮುಂದೆ ದೂರು ಕೊಡುವಾಗ ಆ ಗುರುತಿನ ಸಂಖ್ಯೆ ಬೇಕಾಗುತ್ತದೆ.

ಹಂತ 1: ಒಂದೇ ಒಂದು ನಿಯಮವನ್ನು ಆರಿಸಿ

ನಿಮ್ಮ ಕೆಲಸದಲ್ಲಿ ಆ್ಯಪ್ ಮುಖ್ಯವಾಗಿ ಐದು ತೀರ್ಮಾನ ಮಾಡುತ್ತದೆ. ಆರ್ಡರ್ ಯಾರಿಗೆ ಕೊಡಬೇಕು. ಒಂದು ಆರ್ಡರ್‌ಗೆ ಎಷ್ಟು ಕೊಡಬೇಕು. ಇನ್ಸೆಂಟಿವ್ ಸ್ಲ್ಯಾಬ್, ಅಂದರೆ ದಿನಕ್ಕೆ ಇಷ್ಟು ಆರ್ಡರ್ ಮುಗಿಸಿದರೆ ಸಿಗುವ ಹೆಚ್ಚುವರಿ ಹಣ, ಎಷ್ಟಕ್ಕೆ ಇಡಬೇಕು. ನಿಮಗೆ ಎಷ್ಟು ಸ್ಕೋರ್ ಕೊಡಬೇಕು. ಐಡಿ ಯಾವಾಗ ನಿಲ್ಲಿಸಬೇಕು.

ಐದನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತುಕತೆ ಎಲ್ಲಿಗೂ ಮುಟ್ಟುವುದಿಲ್ಲ. ಮೊದಲ ಸಲಕ್ಕೆ ನೀವೇ ಅಳೆಯಬಹುದಾದದ್ದನ್ನು ಆರಿಸಿ. ದೂರದ ಲೆಕ್ಕ ಅಂಥದ್ದು. ಗಾಡಿಯ ಮೀಟರ್ ನಿಮ್ಮ ಕಣ್ಣ ಮುಂದೆಯೇ ಇದೆ, ಆ್ಯಪ್ ಎಷ್ಟು ಕಿಲೋಮೀಟರ್‌ಗೆ ದುಡ್ಡು ಕೊಟ್ಟಿತು ಎಂಬುದು ಆರ್ಡರ್ ವಿವರದಲ್ಲಿ ಕಾಣುತ್ತದೆ. ಆರ್ಡರ್ ಹಂಚಿಕೆ ಹಾಗಲ್ಲ. ನಿಮಗೆ ಬಾರದ ಆರ್ಡರ್ ಯಾರಿಗೆ ಹೋಯಿತು ಎಂದು ತಿಳಿಯಲು ಕಂಪನಿಯ ದಾಖಲೆಯೇ ಬೇಕು. ಅದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಹಾಗಾಗಿ ಕೆಳಗಿನ ಉದಾಹರಣೆಗೆ ದೂರದ ಲೆಕ್ಕವನ್ನೇ ತೆಗೆದುಕೊಂಡಿದ್ದೇನೆ.

ಹಂತ 2: ನಿಮ್ಮದೇ ಲೆಕ್ಕ ಬರೆದಿಡಿ

ಪ್ರತಿ ಆರ್ಡರ್‌ಗೂ ಒಂದು ಸಾಲು. ತಾರೀಖು, ಆರ್ಡರ್ ಬಂದ ಸಮಯ, ಆರ್ಡರ್ ಬಂದಾಗ ಮೀಟರ್ ಎಷ್ಟಿತ್ತು, ಹೋಟೆಲ್ ಅಥವಾ ಸ್ಟೋರ್ ತಲುಪಿದಾಗ ಎಷ್ಟು, ಕಸ್ಟಮರ್ ಮನೆ ತಲುಪಿದಾಗ ಎಷ್ಟು, ಆ್ಯಪ್ ತೋರಿಸಿದ ದೂರ, ಬಂದ ಹಣ, ಕಾದ ನಿಮಿಷ. ಇಷ್ಟು ಸಾಕು. ಮೂರು ಕಡೆ ಮೀಟರ್ ಬರೆಯುವುದು ಕಿರಿಕಿರಿ ಅನ್ನಿಸುತ್ತದೆ, ಆದರೆ ಬಿಡಬೇಡಿ. ಪಿಕಪ್‌ಗೆ ಹೋದ ದೂರ ಬೇರೆ, ಮನೆಗೆ ತಲುಪಿಸಿದ ದೂರ ಬೇರೆ. ಹಣ ಎಲ್ಲಿ ಕಳೆಯುತ್ತಿದೆ ಎಂದು ಗೊತ್ತಾಗುವುದು ಎರಡನ್ನೂ ಬೇರೆ ಮಾಡಿದಾಗಲೇ.

ಶುರು ಮಾಡುವ ಮೊದಲು ಗಾಡಿಯ ಮೀಟರನ್ನೇ ಪರೀಕ್ಷಿಸಿ. ಟೈರ್ ಸವೆದಿದ್ದರೆ, ಬೇರೆ ಅಳತೆಯ ಟೈರ್ ಹಾಕಿಸಿದ್ದರೆ ಮೀಟರ್ ಸ್ವಲ್ಪ ಹೆಚ್ಚು ಕಮ್ಮಿ ತೋರಿಸುತ್ತದೆ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲು ನೋಡಿಕೊಂಡು ಹತ್ತು ಕಿಲೋಮೀಟರ್ ಓಡಿಸಿ. ಮೀಟರ್ 10.4 ತೋರಿಸಿದರೆ ನಿಮ್ಮ ಎಲ್ಲ ಅಳತೆಯನ್ನೂ 1.04ರಿಂದ ಭಾಗಿಸಿ. ಈ ಕೆಲಸ ಮಾಡಿರದಿದ್ದರೆ ಕಂಪನಿಯವರ ಮೊದಲ ಪ್ರಶ್ನೆಗೇ ನಿಮ್ಮ ಇಡೀ ಲೆಕ್ಕ ಬಿದ್ದುಹೋಗುತ್ತದೆ.

ಈಗ ಒಂದು ಉದಾಹರಣೆ. ಅಂಕಿಗಳು ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ಬಿಟಿಎಂ ಲೇಔಟ್ ಕಡೆ ಓಡುವ ಒಬ್ಬ ಹುಡುಗ ಅಂದುಕೊಳ್ಳಿ. ಒಂದು ದಿನ 22 ಆರ್ಡರ್ ಮುಗಿಸಿದ. 17 ಆರ್ಡರ್‌ಗಳಲ್ಲಿ ಆ್ಯಪ್‌ನ ದೂರಕ್ಕೂ ಮೀಟರ್‌ಗೂ ಹೆಚ್ಚು ವ್ಯತ್ಯಾಸ ಇಲ್ಲ. ಆ್ಯಪ್ 3.2 ಅಂದರೆ ಮೀಟರ್ 3.4. ಉಳಿದ ಐದರಲ್ಲಿ ಆ್ಯಪ್ 2.1 ಕಿಲೋಮೀಟರ್ ಅನ್ನುತ್ತಿದೆ, ಮೀಟರ್ 4.0 ಅನ್ನುತ್ತಿದೆ. ಆ ಐದೂ ಮಡಿವಾಳ ಕೆರೆಯ ಈ ದಂಡೆಯಿಂದ ಆ ದಂಡೆಗೆ ಹೋಗುವ ಆರ್ಡರ್‌ಗಳು. ಒಂದೊಂದರಲ್ಲಿ 1.9 ಕಿಲೋಮೀಟರ್ ಕೈಬಿಟ್ಟಿದೆ. ಐದಕ್ಕೆ 9.5. ಕಿಲೋಮೀಟರ್‌ಗೆ 6 ರೂಪಾಯಿ ಅಂದರೆ ದಿನಕ್ಕೆ 57 ರೂಪಾಯಿ. ತಿಂಗಳಿಗೆ 26 ದಿನ ಓಡಿದರೆ 1,482 ರೂಪಾಯಿ.

ಹಣ ಎಷ್ಟು ಹೋಯಿತು ಅನ್ನುವುದಕ್ಕಿಂತ ಯಾವ ಆರ್ಡರ್‌ಗಳಲ್ಲಿ ಹೋಯಿತು ಅನ್ನುವುದನ್ನು ಹೆಚ್ಚು ಗಮನವಿಟ್ಟು ನೋಡಿ. ಕಾರಣ ಅಲ್ಲೇ ಸಿಗುತ್ತದೆ.

ಕೆರೆ, ರೈಲ್ವೆ ಹಳಿ, ದೊಡ್ಡ ಕಾಂಪೌಂಡ್ ಅಡ್ಡ ಬರುವ ಕಡೆ ಮಾತ್ರ ವ್ಯತ್ಯಾಸ ದೊಡ್ಡದಾಗಿದ್ದರೆ, ಆ್ಯಪ್ ರಸ್ತೆಯ ದೂರ ಬಿಟ್ಟು ಭೂಪಟದ ಮೇಲೆ ಎಳೆದ ನೇರ ಗೆರೆಯನ್ನೇ ಅಳೆಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಮಧ್ಯಾಹ್ನ ಸರಿಯಿದ್ದು ಸಂಜೆ ಮಾತ್ರ ತಪ್ಪುತ್ತಿದ್ದರೆ, ಒನ್‌ವೇ ಅಥವಾ ಪೊಲೀಸರು ಮುಚ್ಚಿಸುವ ತಿರುವು ಆ್ಯಪ್‌ನ ಮ್ಯಾಪ್‌ಗೆ ಗೊತ್ತಿಲ್ಲ. ಎಲ್ಲ ಆರ್ಡರ್‌ನಲ್ಲೂ ಪಿಕಪ್‌ನ ದೂರವೇ ಕಾಣೆಯಾಗಿದ್ದರೆ, ಮ್ಯಾಪ್‌ನಲ್ಲಿ ತಪ್ಪೇನೂ ಇಲ್ಲದಿರಬಹುದು, ಪಿಕಪ್‌ಗೆ ದುಡ್ಡು ಕೊಡಬಾರದು ಎಂಬುದೇ ನಿಯಮವಾಗಿರಬಹುದು. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ, ಸಣ್ಣದಾಗಿ ವ್ಯತ್ಯಾಸ ಇದ್ದರೆ ನಿಮ್ಮ ಮೀಟರನ್ನು ಮತ್ತೊಮ್ಮೆ ನೋಡಿ. ಒಂದೊಂದು ಕಾರಣಕ್ಕೂ ಕೇಳಬೇಕಾದ ಬೇಡಿಕೆ ಬೇರೆ ಬೇರೆ. ಆದ್ದರಿಂದ ಈ ವಿಂಗಡಣೆ ಮಾಡದೆ ಮುಂದೆ ಹೋಗಬೇಡಿ.

ಹೀಗೆ ಲೆಕ್ಕ ಕೂಡಿಸಿ ನೋಡಿದ ಉದಾಹರಣೆಗಳಲ್ಲಿ ಅಮೆರಿಕದ ಶಿಪ್ಟ್ ಎಂಬ ದಿನಸಿ ಡೆಲಿವರಿ ಆ್ಯಪ್‌ನದು ಚೆನ್ನಾಗಿ ದಾಖಲಾಗಿದೆ. 2020ರಲ್ಲಿ ಆ ಕಂಪನಿ ಸಂಬಳದ ಸೂತ್ರವನ್ನು ಬದಲಿಸಿತು, ಹೊಸದು ಹೇಗೆ ಎಂದು ಹೇಳಲಿಲ್ಲ. ಕೆಲಸಗಾರರು ತಮ್ಮ ಪೇಔಟ್‌ನ ಸ್ಕ್ರೀನ್‌ಶಾಟ್‌ಗಳನ್ನು ಒಂದೇ ನಂಬರಿಗೆ ಮೆಸೇಜ್ ಮಾಡಿದರು. ಒಬ್ಬ ಸಂಶೋಧಕರ ನೆರವಿನಿಂದ ಅವನ್ನೆಲ್ಲ ಜೋಡಿಸಿ ನೋಡಿದಾಗ, ಕೆಲವರಿಗೆ ಹಣ ಏರಿದ್ದರೂ ಸುಮಾರು ಶೇಕಡಾ 40ರಷ್ಟು ಜನರಿಗೆ ಇಳಿದಿತ್ತು. ಒಬ್ಬೊಬ್ಬರ ಫೋನಿನಲ್ಲಿ ಅದು ಕಾಣುತ್ತಿರಲಿಲ್ಲ.

ಈ ಹಂತದಲ್ಲಿ ಹೆಚ್ಚಾಗಿ ಆಗುವ ತಪ್ಪುಗಳು ಮೂರು. ಮೊದಲನೆಯದು, ಕಸ್ಟಮರ್ ಹೆಸರು, ಫೋನ್, ಮನೆ ನಂಬರ್ ಇರುವ ಸ್ಕ್ರೀನ್‌ಶಾಟನ್ನು ಹಾಗೇ ಗ್ರೂಪಿಗೆ ಹಾಕುವುದು. ಅದನ್ನೇ ಕಾರಣ ಮಾಡಿ ಐಡಿ ನಿಲ್ಲಿಸಬಹುದು, ಮೇಲಾಗಿ ಅದು ಬೇರೆಯವರ ಖಾಸಗಿ ಮಾಹಿತಿ. ಆ ಭಾಗವನ್ನು ಕತ್ತರಿಸಿಯೇ ಇಡಿ. ಎರಡನೆಯದು, ದೂರ ಅಳೆಯಲು ಲೊಕೇಶನ್ ಬದಲಿಸುವ ಅಥವಾ ಕಂಪನಿಯ ಆ್ಯಪ್ ಒಳಗೆ ಕೈಹಾಕುವ ಬೇರೆ ಆ್ಯಪ್ ಹಾಕಿಕೊಳ್ಳುವುದು. ಸಿಸ್ಟಮ್ ಅದನ್ನು ಫ್ರಾಡ್ ಎಂದು ಹಿಡಿಯುತ್ತದೆ, ಆಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಪೆನ್ನು, ನೋಟ್‌ಬುಕ್ ಸಾಕು. ಮೂರನೆಯದು, ನಷ್ಟ ಆದ ಆರ್ಡರ್‌ಗಳನ್ನು ಮಾತ್ರ ಬರೆಯುವುದು. ಸರಿಯಾಗಿ ದುಡ್ಡು ಬಂದ ಆರ್ಡರ್‌ಗಳೂ ಶೀಟ್‌ನಲ್ಲಿ ಇರಬೇಕು. ಇಲ್ಲದಿದ್ದರೆ "ಬೇಕಾದ್ದನ್ನು ಆರಿಸಿ ತಂದಿದ್ದೀರಿ" ಎನ್ನುತ್ತಾರೆ, ಆ ಮಾತು ಸರಿಯೂ ಆಗಿರುತ್ತದೆ.

ಹಂತ 3: ಬರವಣಿಗೆಯಲ್ಲಿ ಮಾಹಿತಿ ಕೇಳಿ

ಕರ್ನಾಟಕದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂದಿದೆ. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಎಂಬ ಭಾಗವೇ ಹೆಚ್ಚು ಸುದ್ದಿಯಾಯಿತು. ನಮ್ಮ ಕೆಲಸಕ್ಕೆ ಬೇಕಾದ್ದು ಅದರಲ್ಲಿರುವ ಬೇರೆ ಮಾತುಗಳು.

ಗಳಿಕೆ, ದರ, ಕಸ್ಟಮರ್ ಅಭಿಪ್ರಾಯ ಮುಂತಾದವುಗಳ ಮೇಲೆ ಪರಿಣಾಮ ಮಾಡುವ ಸ್ವಯಂಚಾಲಿತ ನಿಗಾ ಮತ್ತು ತೀರ್ಮಾನ ವ್ಯವಸ್ಥೆಗಳ ಬಗ್ಗೆ ಮಾಹಿತಿ ಕೇಳುವುದು ಹೇಗೆ ಎಂದು ಕಂಪನಿ ಕೆಲಸಗಾರರಿಗೆ ಸರಳ ಭಾಷೆಯಲ್ಲಿ ತಿಳಿಸಬೇಕು. ಒಪ್ಪಂದದ ಷರತ್ತು ಬದಲಿಸುವುದಾದರೆ 14 ದಿನ ಮೊದಲು ಹೇಳಬೇಕು. ಕೆಲಸದಿಂದ ತೆಗೆಯುವುದಾದರೆ ಬರವಣಿಗೆಯಲ್ಲಿ ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು. ಹಣ ಕಡಿತ ಮಾಡಿದರೆ ಕಾರಣ ತಿಳಿಸಬೇಕು. 50ಕ್ಕಿಂತ ಹೆಚ್ಚು ಗಿಗ್ ಕೆಲಸಗಾರರಿರುವ ಕಂಪನಿ ಒಳಗೇ ಒಂದು ವಿವಾದ ಪರಿಹಾರ ಸಮಿತಿ ಇಟ್ಟಿರಬೇಕು.

ಪತ್ರ ಬರೆಯುವಾಗ "ನಿಮ್ಮ ಅಲ್ಗಾರಿದಮ್ ಕೊಡಿ" ಎಂದು ಕೇಳಬೇಡಿ. "ಅದು ವ್ಯಾಪಾರ ರಹಸ್ಯ" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಪ್ರೋಗ್ರಾಮ್ ಕೈಗೆ ಸಿಕ್ಕಿದರೂ ನಮಗೆ ಅದರಿಂದ ಉಪಯೋಗ ಕಮ್ಮಿ. ಹೀಗೆ ಕೇಳಿ:

"ನಮ್ಮ ಝೋನ್‌ನಲ್ಲಿ ಪ್ರತಿ ಆರ್ಡರ್‌ನ ಹಣವನ್ನು ಲೆಕ್ಕ ಹಾಕುವ ಬಗ್ಗೆ ಈ ಮಾಹಿತಿ ಕೋರುತ್ತೇವೆ. ದೂರವನ್ನು ರಸ್ತೆಯ ಪ್ರಕಾರ ಅಳೆಯುತ್ತೀರೋ, ಎರಡು ಬಿಂದುಗಳ ನಡುವಿನ ನೇರ ಗೆರೆಯಲ್ಲೋ? ಅಳತೆ ಎಲ್ಲಿಂದ ಶುರುವಾಗುತ್ತದೆ, ಆರ್ಡರ್ ಒಪ್ಪಿದ ಜಾಗದಿಂದಲೋ, ಪಿಕಪ್‌ನಿಂದಲೋ? ದೂರದ ಜೊತೆ ಇನ್ನು ಯಾವ ಅಂಶಗಳು ಹಣವನ್ನು ಹೆಚ್ಚು ಕಮ್ಮಿ ಮಾಡುತ್ತವೆ? ಕಳೆದ ಆರು ತಿಂಗಳಲ್ಲಿ ಈ ಲೆಕ್ಕ ಯಾವ ಯಾವ ದಿನ ಬದಲಾಗಿದೆ? ದೂರ ತಪ್ಪಾಗಿದ್ದರೆ ಅದನ್ನು ತಿದ್ದುವ ಅಧಿಕಾರ ಇರುವ ವ್ಯಕ್ತಿ ಯಾರು?"

ಕೊನೆಯ ಎರಡು ಪ್ರಶ್ನೆಗಳನ್ನು ಮರೆಯಬೇಡಿ. ಬದಲಾದ ದಿನಾಂಕ ಸಿಕ್ಕರೆ ನಿಮ್ಮ ಶೀಟ್‌ನಲ್ಲಿ ಆ ದಿನದ ಹಿಂದೆ ಮುಂದೆ ನೋಡಬಹುದು. ತಿದ್ದುವ ಅಧಿಕಾರ ಇರುವವರು ಯಾರೂ ಇಲ್ಲ ಎಂದಾದರೆ ಅದೇ ನಿಮ್ಮ ಮೊದಲ ಬೇಡಿಕೆ. ಪತ್ರವನ್ನು ಆ್ಯಪ್‌ನ ಸಪೋರ್ಟ್ ಚಾಟ್‌ನಲ್ಲಿ ಹಾಕಿ ಸುಮ್ಮನಾಗಬೇಡಿ, ಚಾಟ್ ಅಳಿಸಿಹೋಗುತ್ತದೆ. ಇಮೇಲ್‌ನಲ್ಲಿ ಕಳಿಸಿ, ಎಲ್ಲರ ಸಹಿ ಇರುವ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ.

ವ್ಯಾಪಾರ ರಹಸ್ಯದ ವಾದ ಎಷ್ಟು ದೂರ ನಡೆಯುತ್ತದೆ ಎಂದು ತಿಳಿಯಲು ಆಮ್‌ಸ್ಟರ್‌ಡ್ಯಾಂನ ಮೇಲ್ಮನವಿ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪುಗಳನ್ನು ನೋಡಬೇಕು. ಬ್ರಿಟನ್ನಿನ ಚಾಲಕರು ಊಬರ್ ಮೇಲೂ, ನಮ್ಮ ಬೆಂಗಳೂರಿನ ಓಲಾ ಮೇಲೂ ಹೂಡಿದ್ದ ಮೊಕದ್ದಮೆಗಳು ಅವು. ಓಲಾ ಚಾಲಕರಿಗೆ ಒಂದು ಗಳಿಕೆಯ ಪ್ರೊಫೈಲ್, ಒಂದು ವಂಚನೆ ಸಾಧ್ಯತೆಯ ಸ್ಕೋರ್ ಇಟ್ಟಿತ್ತು. ಅವು ಹೇಗೆ ಬಂದವು, ಯಾವುದಕ್ಕೆ ಬಳಕೆಯಾಗುತ್ತವೆ ಎಂದು ಚಾಲಕರಿಗೆ ತಿಳಿಸಬೇಕು ಎಂದು ನ್ಯಾಯಾಲಯ ಹೇಳಿತು. ಊಬರ್ ಪ್ರಕರಣದಲ್ಲಿ, ಐಡಿ ನಿಲ್ಲಿಸುವ ಮುನ್ನ ಮನುಷ್ಯರು ನೋಡಿದ್ದಾರೆ ಎಂಬ ವಾದಕ್ಕೆ, ಆ ನೋಟ ಹೆಸರಿಗಷ್ಟೇ ಇತ್ತು ಎಂದಿತು. ಅದು ಯುರೋಪಿನ ದತ್ತಾಂಶ ಕಾನೂನಿನ ಮೇಲೆ ಬಂದ ತೀರ್ಪು, ನಮ್ಮ ಕೋರ್ಟುಗಳು ಅದನ್ನು ಪಾಲಿಸಬೇಕಿಲ್ಲ. ಆದರೂ ಏನನ್ನು ಕೇಳಬಹುದು ಎಂದು ತೋರಿಸಲು ಮೇಜಿನ ಮೇಲೆ ಇಡಬಹುದು.

ಹಂತ 4: ಯಾರ ಹೆಸರಿನಲ್ಲಿ ಕೂರಬೇಕು?

ಇಲ್ಲಿ ಕಾನೂನಿನ ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕಾರ್ಖಾನೆಯಲ್ಲಾದರೆ ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿಯಲ್ಲಿರುವ ಶೇಕಡಾ 51 ಕಾರ್ಮಿಕರು ಜೊತೆಗಿರುವ ಯೂನಿಯನ್‌ಗೆ ಮಾತುಕತೆಯ ಅಧಿಕಾರ ಸಿಗುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಾಗೆ ಹೇಳುತ್ತದೆ. ಆದರೆ ಗಿಗ್ ಕೆಲಸಗಾರರ ಹೆಸರು ಯಾವ ಮಸ್ಟರ್ ರೋಲ್‌ನಲ್ಲೂ ಇಲ್ಲ. ಸಾಮಾಜಿಕ ಭದ್ರತಾ ಸಂಹಿತೆ ಅವರನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೇ ಇಟ್ಟಿದೆ. ಕರ್ನಾಟಕದ ಕಾಯ್ದೆ ಮಾಹಿತಿ ಕೇಳುವ ದಾರಿ ಮಾಡಿಕೊಟ್ಟಿದೆ, ಮಾತುಕತೆಗೆ ಕೂರಲೇಬೇಕು ಎಂದು ಕಂಪನಿಗೆ ಹೇಳಿಲ್ಲ.

ಹಾಗಾದರೆ ದಾರಿ? ನಿಮ್ಮ ಊರಿನ ಆ್ಯಪ್ ಕೆಲಸಗಾರರ ಯೂನಿಯನ್ ಯಾವುದಾದರೂ ಇದ್ದರೆ ಅದರ ಮೂಲಕ ಹೋಗಿ. ರಾಷ್ಟ್ರಮಟ್ಟದಲ್ಲಿ ಆ್ಯಪ್ ಆಧಾರಿತ ಸಾರಿಗೆ ಕಾರ್ಮಿಕರ ಒಕ್ಕೂಟ, ಐಫ್ಯಾಟ್, ಇದೆ. ಹೊಸದಾಗಿ ಗುಂಪು ಕಟ್ಟುವುದಕ್ಕಿಂತ ಇರುವ ಯೂನಿಯನ್‌ನಲ್ಲಿ ಒಂದು ಝೋನ್ ಸಮಿತಿ ಮಾಡುವುದು ಸುಲಭ ಎಂಬುದು ನನ್ನ ಅಭಿಪ್ರಾಯ. ಪತ್ರದಲ್ಲಿ ಮುಂದೆ ಕಾಣುವ ಹೆಸರು ಯೂನಿಯನ್‌ನದ್ದಾಗಿರಲಿ. ಒಬ್ಬ ಹುಡುಗನ ಹೆಸರು ಒಂಟಿಯಾಗಿ ಕಂಡರೆ ಐಡಿ ನಿಲ್ಲುವುದು ಅವನದ್ದೇ. ಹಾಗೆಯೇ ಮಾತಿಗೆ ಹೋಗುವ ಮೂವರಲ್ಲಿ ಒಬ್ಬರಾದರೂ ಲೆಕ್ಕದ ಶೀಟನ್ನು ಬಾಯಿಪಾಠ ತಿಳಿದವರಾಗಿರಲಿ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳು ಇರಲಿ. ರಾತ್ರಿ ಆರ್ಡರ್ ನಿರಾಕರಿಸಿದರೆ ಸ್ಕೋರ್ ಇಳಿಯುವ ಕಷ್ಟ ಅವರಿಗೆ ಹೆಚ್ಚು ಗೊತ್ತು.

ಹಂತ 5: ಬೇಡಿಕೆಯನ್ನು ಕರಾರಿನ ಸಾಲಾಗಿ ಬರೆಯಿರಿ

"ಪಾರದರ್ಶಕವಾಗಿರಬೇಕು", "ನ್ಯಾಯವಾಗಿರಬೇಕು" ಎಂಬ ಮಾತಿಗೆ ಕಂಪನಿ ಸಂತೋಷದಿಂದ ಸಹಿ ಹಾಕುತ್ತದೆ. ಮರುದಿನ ಏನೂ ಬದಲಾಗಿರುವುದಿಲ್ಲ. ಕರಾರಿನ ಸಾಲು ಚೆನ್ನಾಗಿದೆಯೋ ಇಲ್ಲವೋ ನೋಡಲು ಒಂದೇ ಪರೀಕ್ಷೆ ಸಾಕು. ಅದು ಮುರಿದಾಗ, ಮುರಿಯಿತು ಎಂದು ನಿಮ್ಮ ನೋಟ್‌ಬುಕ್ ನೋಡಿ ಹೇಳಲು ಬರಬೇಕು.

ನಮ್ಮ ಉದಾಹರಣೆಗೆ ಸಾಲು ಹೀಗಿರಬಹುದು: "ಪ್ರತಿ ಆರ್ಡರ್‌ನ ದೂರವನ್ನು ದ್ವಿಚಕ್ರ ವಾಹನ ಹೋಗಬಹುದಾದ ರಸ್ತೆಯ ಪ್ರಕಾರ, ಆರ್ಡರ್ ಒಪ್ಪಿದ ಜಾಗದಿಂದ ಅಳೆಯಲಾಗುವುದು. ಆ್ಯಪ್‌ನ ದೂರಕ್ಕಿಂತ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ಓಡಿದ್ದೇನೆ ಎಂದು ಕೆಲಸಗಾರರು ತಿಳಿಸಿದರೆ 48 ಗಂಟೆಯೊಳಗೆ ಹೆಸರಿಸಿದ ಅಧಿಕಾರಿ ಪರಿಶೀಲಿಸಿ, ವ್ಯತ್ಯಾಸದ ಹಣವನ್ನು ಆ ವಾರದ ಪೇಔಟ್‌ನಲ್ಲಿ ಸೇರಿಸುವರು. ಒಂದೇ ಮಾರ್ಗದ ಮೇಲೆ ಹತ್ತು ದೂರು ಬಂದರೆ ಮ್ಯಾಪನ್ನೇ ತಿದ್ದಲಾಗುವುದು." ಕೊನೆಯ ವಾಕ್ಯ ಇಲ್ಲದಿದ್ದರೆ ಪ್ರತಿದಿನ ಕೆರೆಯ ಅದೇ ದಂಡೆಗಾಗಿ ದೂರು ಕೊಡುತ್ತಾ ಕೂರಬೇಕಾಗುತ್ತದೆ.

ಇದರ ಜೊತೆಗೆ ಇನ್ನೆರಡು ಸಾಲುಗಳನ್ನು ಮೊದಲ ಕರಾರಿನಲ್ಲೇ ಹಾಕಿಸಲು ಪ್ರಯತ್ನಿಸಿ.

ಒಂದು, ಸ್ಕೋರ್ ಬಗ್ಗೆ. ಇಟಲಿಯ ಬೊಲೊನ್ಯ ನಗರದ ನ್ಯಾಯಾಲಯ 2020ರ ಡಿಸೆಂಬರ್ 31ರಂದು ಡೆಲಿವರೂ ಎಂಬ ಊಟ ಡೆಲಿವರಿ ಕಂಪನಿಯ ವಿರುದ್ಧ ಕೊಟ್ಟ ತೀರ್ಪು ಇದಕ್ಕೆ ಆಧಾರ. ಅಲ್ಲಿ ಶಿಫ್ಟ್ ಬುಕ್ ಮಾಡಿ ಬಾರದಿದ್ದರೆ ರೈಡರ್‌ನ ನಂಬಿಕೆಯ ಅಂಕ ಇಳಿಯುತ್ತಿತ್ತು. ಅಂಕ ಇಳಿದವರಿಗೆ ಮುಂದಿನ ವಾರದ ಒಳ್ಳೆಯ ಶಿಫ್ಟ್‌ಗಳನ್ನು ಆರಿಸಿಕೊಳ್ಳುವ ಅವಕಾಶ ತಡವಾಗಿ ಸಿಗುತ್ತಿತ್ತು. ಜ್ವರ ಬಂದು ಬಾರದವರು, ಮುಷ್ಕರಕ್ಕೆ ಹೋದವರು, ಸುಮ್ನೆ ಬಾರದವರು, ಮೂವರೂ ಸಿಸ್ಟಮ್‌ಗೆ ಒಂದೇ. ಕಾರಣವನ್ನು ನೋಡದ ಈ ಲೆಕ್ಕವೇ ತಾರತಮ್ಯ ಎಂದಿತು ಕೋರ್ಟು. ಮೊಕದ್ದಮೆ ಹಾಕಿದ್ದು ಯೂನಿಯನ್‌ಗಳು. ನಮ್ಮ ಕಡೆ ಇದನ್ನು ಹೀಗೆ ಬರೆಯಬಹುದು: "ಕಾಯಿಲೆ, ಅಪಘಾತ, ಗಾಡಿ ಕೆಟ್ಟಿದ್ದು, ರಸ್ತೆಯಲ್ಲಿ ನೀರು ನಿಂತಿದ್ದು, ಯೂನಿಯನ್ ಸಭೆ, ಮುಷ್ಕರ, ಈ ಕಾರಣಗಳಿಂದ ಲಾಗಿನ್ ಆಗದಿದ್ದರೆ ಅಥವಾ ಆರ್ಡರ್ ನಿರಾಕರಿಸಿದರೆ ಅದನ್ನು ಯಾವ ಸ್ಕೋರ್‌ಗೂ, ಇನ್ಸೆಂಟಿವ್‌ಗೂ, ಆರ್ಡರ್ ಹಂಚಿಕೆಗೂ ಲೆಕ್ಕಕ್ಕೆ ಹಿಡಿಯುವಂತಿಲ್ಲ."

ಎರಡು, ಲೆಕ್ಕ ಬದಲಿಸುವ ಬಗ್ಗೆ. 14 ದಿನದ ನೋಟಿಸ್ ಕಾಯ್ದೆಯಲ್ಲೇ ಇದೆ. ಆದರೆ ಹಣದ ಸೂತ್ರದ ಸಣ್ಣ ಬದಲಾವಣೆ "ಒಪ್ಪಂದದ ಷರತ್ತು" ಅಲ್ಲ ಎಂದು ಕಂಪನಿ ವಾದಿಸಬಹುದು. ಕರಾರಿನಲ್ಲಿ ಅದನ್ನು ಸೇರಿಸಿ. ಜೊತೆಗೆ ಇದನ್ನೂ ಕೇಳಿ: ಹೊಸ ಲೆಕ್ಕವನ್ನು ಜಾರಿಗೆ ತರುವ ಮುನ್ನ, ಹೋದ ತಿಂಗಳ ನಿಮ್ಮ ಝೋನ್‌ನ ಆರ್ಡರ್‌ಗಳಿಗೇ ಅದನ್ನು ಹಾಕಿ ನೋಡಬೇಕು, ಯಾರಿಗೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ತೋರಿಸಬೇಕು. ಕಂಪನಿಗೆ ಇದು ಕಷ್ಟದ ಕೆಲಸವಲ್ಲ. ಹಳೆಯ ಆರ್ಡರ್‌ಗಳೆಲ್ಲ ಅವರ ಬಳಿಯೇ ಇವೆ. ಸರಾಸರಿ ಮಾತ್ರ ತೋರಿಸಿದರೆ ಒಪ್ಪಬೇಡಿ. ಶಿಪ್ಟ್‌ನಲ್ಲಿ ಆದದ್ದು ನೆನಪಿದೆ ಅಲ್ವಾ, ಸರಾಸರಿಯೊಳಗೆ ಕಳೆದುಕೊಂಡವರು ಕಾಣುವುದಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಎರಡೂ ಕಡೆಯವರಿರುವ ಒಂದು ಸಮಿತಿ ಬೇಕು. ಸ್ಪೇನ್‌ನಲ್ಲಿ ಇದಕ್ಕೆ ಮಾದರಿ ಇದೆ. ಅಲ್ಲಿ 2021ರ ರೈಡರ್ ಕಾನೂನು, ಕೆಲಸದ ಷರತ್ತಿನ ಮೇಲೆ ಪರಿಣಾಮ ಮಾಡುವ ಅಲ್ಗಾರಿದಮ್‌ನ ಅಂಶಗಳು ಮತ್ತು ನಿಯಮಗಳನ್ನು ಕಾರ್ಮಿಕರ ಪ್ರತಿನಿಧಿಗಳಿಗೆ ತಿಳಿಸಬೇಕು ಎಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಸ್ಟ್ ಈಟ್ ಎಂಬ ಊಟ ಡೆಲಿವರಿ ಕಂಪನಿ ಅಲ್ಲಿನ ಎರಡು ದೊಡ್ಡ ಯೂನಿಯನ್‌ಗಳಾದ ಸಿಸಿಓಓ ಮತ್ತು ಯುಜಿಟಿ ಜೊತೆ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಅಲ್ಗಾರಿದಮ್ ವಿಚಾರಕ್ಕೆಂದೇ ಒಂದು ಜಂಟಿ ಸಮಿತಿ ಇದೆ, ಸಿಸ್ಟಮ್‌ನ ತೀರ್ಮಾನಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕು ಎಂಬ ಮಾತೂ ಇದೆ. ಅಲ್ಲಿನ ರೈಡರ್‌ಗಳು ಕಾನೂನಿನ ಪ್ರಕಾರ ನೌಕರರು, ನೀವಲ್ಲ. ಹಾಗಾಗಿ ಅಲ್ಲಿ ಹಕ್ಕಾಗಿ ಸಿಕ್ಕಿದ್ದನ್ನು ಇಲ್ಲಿ ಒತ್ತಡದಿಂದಲೇ ಪಡೆಯಬೇಕು. ಸಮಿತಿ ತಿಂಗಳಿಗೊಮ್ಮೆ ಕೂರಲಿ. ಹೆಸರು, ಫೋನ್ ತೆಗೆದುಹಾಕಿದ ಆರ್ಡರ್ ದಾಖಲೆ ಸಭೆಗೆ ಒಂದು ವಾರ ಮೊದಲೇ ಕೈ ಸೇರಲಿ.

ಹಂತ 6: ಸಹಿ ಆದ ಮೇಲೂ ನೋಟ್‌ಬುಕ್ ಮುಚ್ಚಬೇಡಿ

ಹೆಚ್ಚಿನ ಗುಂಪುಗಳು ಸೋಲುವುದು ಇಲ್ಲಿ. ಒಂದು ನಿಯಮದಲ್ಲಿ ಕೊಟ್ಟದ್ದನ್ನು ಇನ್ನೊಂದು ನಿಯಮದಲ್ಲಿ ವಾಪಸ್ ತೆಗೆದುಕೊಳ್ಳಲು ಆ್ಯಪ್‌ಗೆ ಒಂದು ನಿಮಿಷ ಸಾಕು. ಮತ್ತೆ ಅದೇ ಬಿಟಿಎಂ ಹುಡುಗನ ಲೆಕ್ಕ ನೋಡೋಣ.

ಕರಾರಿಗೆ ಮೊದಲು ಅವನಿಗೆ 22 ಆರ್ಡರ್‌ಗೆ ಸರಾಸರಿ 34 ರೂಪಾಯಿಯಂತೆ 748 ಬರುತ್ತಿತ್ತು. 20 ಆರ್ಡರ್ ದಾಟಿದ್ದಕ್ಕೆ ಸ್ಲ್ಯಾಬ್ 150. ಒಟ್ಟು 898. ಪೆಟ್ರೋಲ್‌ಗೆ 240 ಹೋದರೆ 658. ಲಾಗಿನ್ ಆಗಿದ್ದು ಹತ್ತು ಗಂಟೆ, ಅಂದರೆ ಗಂಟೆಗೆ 65 ರೂಪಾಯಿ 80 ಪೈಸೆ. ಕರಾರು ಆಯಿತು, ದೂರದ 57 ರೂಪಾಯಿ ಸೇರಿ 805 ಆಯಿತು. ಆದರೆ ಮರುವಾರ ಸ್ಲ್ಯಾಬ್ 20ರಿಂದ 24 ಆರ್ಡರ್‌ಗೆ ಏರಿತು. 22ಕ್ಕೆ ಇನ್ಸೆಂಟಿವ್ ಇಲ್ಲ. 805ರಲ್ಲಿ ಪೆಟ್ರೋಲ್ ಕಳೆದರೆ 565, ಗಂಟೆಗೆ 56 ರೂಪಾಯಿ 50 ಪೈಸೆ. ದೂರದ ಮಾತನ್ನು ಕಂಪನಿ ಅಕ್ಷರಶಃ ಪಾಲಿಸಿದೆ, ಹುಡುಗನ ಕೈಗೆ ಮೊದಲಿಗಿಂತ ಕಮ್ಮಿ ಬಂದಿದೆ.

ಆದ್ದರಿಂದ ಶೀಟ್‌ನ ಕೊನೆಯಲ್ಲಿ ಯಾವಾಗಲೂ ಒಂದು ಅಂಕಿ ಇರಲಿ: ಖರ್ಚು ಕಳೆದು, ಕಾಯುವ ಸಮಯವೂ ಸೇರಿ, ಲಾಗಿನ್ ಆಗಿರುವ ಗಂಟೆಗೆ ಎಷ್ಟು ಬಂತು. ಕರಾರಿನಲ್ಲೂ ಒಂದು ಸಾಲು ಸೇರಿಸಿ: "ಈ ಕರಾರಿನ ಅವಧಿಯಲ್ಲಿ ಇನ್ಸೆಂಟಿವ್, ಝೋನ್, ಬ್ಯಾಚ್ ಆರ್ಡರ್ ನಿಯಮಗಳ ಬದಲಾವಣೆಯಿಂದ ಝೋನ್‌ನ ಗಂಟೆವಾರು ನಿವ್ವಳ ಗಳಿಕೆ ಇಳಿದರೆ ಸಮಿತಿ ಏಳು ದಿನದಲ್ಲಿ ಸೇರಬೇಕು, ತೀರ್ಮಾನ ಆಗುವವರೆಗೆ ಹಳೆಯ ನಿಯಮವೇ ಇರಬೇಕು." ಬ್ಯಾಚ್ ಆರ್ಡರ್ ಅಂದರೆ ಒಂದೇ ಓಟದಲ್ಲಿ ಎರಡು ಮೂರು ಮನೆಗೆ ಕೊಡುವುದು. ಎರಡನೇ ಆರ್ಡರ್‌ಗೆ ಹಣ ಕಮ್ಮಿ ಇರುವುದರಿಂದ ಅದರ ಸಂಖ್ಯೆ ದಿಢೀರನೆ ಜಾಸ್ತಿಯಾದರೂ ಗಳಿಕೆ ಇಳಿಯುತ್ತದೆ.

ಒಂದು ಎಚ್ಚರ. ಗಳಿಕೆ ಇಳಿದ ಕೂಡಲೇ ಕಂಪನಿಯೇ ಕಾರಣ ಎನ್ನಬೇಡಿ. ಝೋನ್‌ಗೆ ಹೊಸಬರು ತುಂಬ ಸೇರಿದರೂ, ಹಬ್ಬಕ್ಕೆ ಊರೇ ಖಾಲಿಯಾದರೂ ಆರ್ಡರ್ ಕಮ್ಮಿಯಾಗುತ್ತದೆ. ಗುರುತಿಸುವುದು ಹೀಗೆ: ಆರ್ಡರ್ ಸಂಖ್ಯೆ ಇಳಿದು, ಒಂದೊಂದು ಆರ್ಡರ್‌ಗೆ ಬರುವ ಹಣ ಹಾಗೇ ಇದ್ದರೆ ಬೇಡಿಕೆ ಇಳಿದಿರಬಹುದು ಅಥವಾ ಜನ ಹೆಚ್ಚಿರಬಹುದು. ಆರ್ಡರ್ ಅಷ್ಟೇ ಇದ್ದು ಹಣ ಇಳಿದಿದ್ದರೆ ನಿಯಮ ಬದಲಾಗಿರಬಹುದು.

ಕಂಪನಿ ಮಾತಿಗೇ ಬಾರದಿದ್ದರೆ?

ಪತ್ರಕ್ಕೆ ಉತ್ತರ ಬಾರದಿದ್ದರೆ ಅದೇ ಪತ್ರ, ಅದೇ ಶೀಟ್ ಹಿಡಿದು ಕಂಪನಿಯ ಆಂತರಿಕ ವಿವಾದ ಪರಿಹಾರ ಸಮಿತಿಗೆ ಅಥವಾ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. "ದುಡ್ಡು ಕಮ್ಮಿ ಬಂತು" ಎಂದು ಬರೆಯುವ ಬದಲು "ಕಾಯ್ದೆಯ ಪ್ರಕಾರ ಕೇಳಿದ ಮಾಹಿತಿ ಕೊಟ್ಟಿಲ್ಲ" ಎಂದು ಬರೆಯಿರಿ. ದರ ಎಷ್ಟಿರಬೇಕು ಎಂದು ಕಾಯ್ದೆ ಹೇಳುವುದಿಲ್ಲ, ಮಾಹಿತಿಯ ಬಗ್ಗೆ ಹೇಳುತ್ತದೆ. ಮಂಡಳಿಯಲ್ಲಿ ಕೆಲಸಗಾರರ ಪ್ರತಿನಿಧಿಗಳೂ ಇರುತ್ತಾರೆ. ಅವರಿಗೆ ಒಂದು ಪ್ರತಿ ಕೊಡಿ. ಒಬ್ಬೊಬ್ಬರೂ ಪ್ರತ್ಯೇಕ ದೂರು ಹಾಕಿ, ಎಲ್ಲದಕ್ಕೂ ಒಂದೇ ಶೀಟ್ ಲಗತ್ತಿಸಿ. ಹದಿನೆಂಟು ಜನರ ಹದಿನೆಂಟು ದೂರುಗಳಲ್ಲಿ ಅದೇ ಕೆರೆ, ಅದೇ 1.9 ಕಿಲೋಮೀಟರ್ ಇದ್ದರೆ "ಒಬ್ಬರ ಫೋನಿನ ಜಿಪಿಎಸ್ ಸಮಸ್ಯೆ" ಎಂದು ಫೈಲ್ ಮುಚ್ಚಲು ಆಗುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರ ಪ್ರಕಾರ ಕಂಪನಿ ನಿಮ್ಮ ಬಗ್ಗೆ ಇಟ್ಟಿರುವ ಮಾಹಿತಿಯ ಸಾರಾಂಶ ಕೇಳುವ ಹಕ್ಕೂ ನಿಮಗೆ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಈ ಭಾಗ ಜಾರಿಯಾಗಲು 18 ತಿಂಗಳು ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ. ಆ ದಿನಕ್ಕೆ ಉಪಯೋಗಕ್ಕೆ ಬರುವಂತೆ ಕಳಿಸಿದ ಪತ್ರಗಳನ್ನೂ, ಬಂದ ಉತ್ತರಗಳನ್ನೂ, ತಿಂಗಳ ಶೀಟ್‌ಗಳನ್ನೂ ಇಬ್ಬರು ಬೇರೆ ಬೇರೆ ಕಡೆ ಕಾಪಿ ಇಟ್ಟುಕೊಳ್ಳಿ. ಫೋನ್ ಕಳೆದರೆ ಅಥವಾ ಐಡಿ ಬ್ಲಾಕ್ ಆದರೆ ಆ್ಯಪ್ ಒಳಗಿನ ಹಳೆಯ ಆರ್ಡರ್ ವಿವರ ಮತ್ತೆ ತೆರೆಯಲು ಬರುವುದಿಲ್ಲ.